ಹಳೇ ಸಲೂನ್ ಕುರ್ಚಿ ಕೊಳ್ಳುವ ಮುನ್ನ ಕಾಲು ಗಂಟೆ ಕೂತು ನೋಡಿ

ಯಾವುದೋ ಪಾರ್ಲರ್ ಮುಚ್ಚುತ್ತಿದೆ, ಕುರ್ಚಿ, ಡ್ರೈಯರ್, ಸ್ಟೀಮರ್ ಎಲ್ಲ ಒಟ್ಟಿಗೆ ಕೊಡುತ್ತಾರಂತೆ ಎಂಬ ಸುದ್ದಿ ಬಂದಿದೆಯಾ? ಹೊರಡುವ ಮೊದಲು ಚೀಲಕ್ಕೆ ಒಂದು ಅಳತೆ ಟೇಪು, ಒಂದು ಟೆಸ್ಟರ್ ಹಾಕಿಕೊಳ್ಳಿ. ಜೊತೆಗೆ ಸ್ವಲ್ಪ ದಪ್ಪಗಿರುವ ಯಾರನ್ನಾದರೂ ಕರೆದುಕೊಂಡು ಹೋಗಿ. ತಮಾಷೆಗೆ ಹೇಳುತ್ತಿಲ್ಲ, ಅವರದೇ ಮುಖ್ಯ ಕೆಲಸ.

ಮೊದಲು ಕುರ್ಚಿ. ಎಲ್ಲರ ಕಣ್ಣು ಹೋಗುವುದು ಹರಿದ ರೆಕ್ಸಿನ್ ಮೇಲೆ. ಅದು ದೊಡ್ಡ ವಿಷಯವಲ್ಲ, ಬೈಕ್ ಸೀಟು ಹೊಲಿಯುವವರೇ ಹೊಸದು ಹಾಕಿಕೊಡುತ್ತಾರೆ. ಕುರ್ಚಿಯ ಜೀವ ಇರುವುದು ಕೆಳಗಿನ ಹೈಡ್ರಾಲಿಕ್ ಪಂಪಿನಲ್ಲಿ. ಪೆಡಲ್ ಒತ್ತಿ ಕುರ್ಚಿಯನ್ನು ಪೂರ್ತಿ ಮೇಲೇರಿಸಿ. ಜೊತೆಗೆ ಬಂದವರನ್ನು ಕೂರಿಸಿ, ನೆಲದಿಂದ ಸೀಟಿನ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ಅವರು ಏಳುವುದು ಬೇಡ. ಕಾಲು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಮೊದಲು 60 ಸೆಂಟಿಮೀಟರ್ ಇದ್ದದ್ದು ಈಗಲೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಸರಿ. 56ಕ್ಕೆ ಇಳಿದಿದ್ದರೆ ಪಂಪಿನ ಒಳಗಿನ ಸೀಲ್ ಅಥವಾ ವಾಲ್ವ್ ಸವೆದು, ಎಣ್ಣೆ ಒಳಗೊಳಗೇ ವಾಪಸ್ ಹರಿಯುತ್ತಿರಬಹುದು. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಹಾಗಾಗಿ "ನೋಡಿ, ಎಣ್ಣೆ ಸೋರಿಲ್ಲ" ಎಂದು ಮಾರುವವರು ತೋರಿಸಿದರೂ ಅಳತೆಯನ್ನೇ ನಂಬಿ.

ಆದರೆ ಕುರ್ಚಿ ಇಳಿದ ಮಾತ್ರಕ್ಕೆ ಪಂಪ್ ಹೋಯಿತು ಎಂದಲ್ಲ. ತಿಂಗಳುಗಟ್ಟಲೆ ಸುಮ್ನೆ ನಿಂತಿದ್ದರೆ ಅಥವಾ ಮಲಗಿಸಿ ಸಾಗಿಸಿದ್ದರೆ ಪಂಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಆಗ ಕುರ್ಚಿ ಕೂತ ಕೂಡಲೇ ಕುಪ್ಪಳಿಸಿದಂತೆ ಆಡುತ್ತದೆ. ಯಾರೂ ಕೂರದೆ ಏಳೆಂಟು ಸಲ ಪೂರ್ತಿ ಮೇಲೇರಿಸಿ, ಪೂರ್ತಿ ಇಳಿಸಿ. ಆಮೇಲೆ ಮತ್ತೆ ಅಳತೆ ನೋಡಿ. ಆಗಲೂ ಇಳಿದರೆ ಪಂಪಿನದೇ ದೋಷ.

ಅಂಥ ಕುರ್ಚಿಯನ್ನು ಬಿಟ್ಟೇಬಿಡಬೇಕೆಂದೇನಿಲ್ಲ. 6,000 ರೂಪಾಯಿ ಹೇಳಿದ್ದಾರೆ ಎಂದುಕೊಳ್ಳಿ. ಅಲ್ಲೇ ನಿಂತು ಸಲೂನ್ ಸಾಮಾನಿನ ಅಂಗಡಿಗೆ ಫೋನ್ ಮಾಡಿ, ಆ ಅಳತೆಯ ಪಂಪಿಗೆ ಎಷ್ಟು ಎಂದು ಕೇಳಿ. ಅವರು 3,500 ಎಂದರೆ ಕುರ್ಚಿಗೆ ಉಳಿಯುವುದು 2,500. ಅದಕ್ಕಿಂತ ಜಾಸ್ತಿ ಕೊಡಬೇಡಿ. ಸೀಟಿನ ಅಡಿಗೆ ಮೊಬೈಲ್ ಟಾರ್ಚ್ ಬಿಡುವುದನ್ನೂ ಮರೆಯಬೇಡಿ. ಬೋಲ್ಟ್ ಸಡಿಲವಾಗಿದ್ದರೆ ಬಿಗಿ ಮಾಡಬಹುದು. ವೆಲ್ಡಿಂಗ್ ಸೀಳಿದ್ದರೆ ಮಾತ್ರ ಬೇಡವೇ ಬೇಡ. ಹಿಂದಕ್ಕೆ ಒರಗಿದ ಗಿರಾಕಿಯ ಕತ್ತಿನ ಹತ್ತಿರ ಕತ್ತಿ ಆಡುತ್ತಿರುತ್ತದೆ, ಅಲ್ವಾ?

ಡ್ರೈಯರ್‌ನಲ್ಲಿ ಕೈಲಿ ಹಿಡಿಯುವುದನ್ನು ಹಳೆಯದು ಕೊಳ್ಳಲೇಬೇಡಿ, ಉಳಿಯುವ ದುಡ್ಡು ಆ ತಲೆನೋವಿಗೆ ಸಾಲದು. ತಲೆಯ ಮೇಲೆ ಇಳಿಸುವ ದೊಡ್ಡ ಡ್ರೈಯರ್ ಆದರೆ ಪೂರ್ತಿ ಬಿಸಿಗಿಟ್ಟು ಹದಿನೈದು ನಿಮಿಷ ಓಡಿಸಿ. ಮೊದಲ ನಿಮಿಷ ಧೂಳು ಸುಟ್ಟ ವಾಸನೆ ಬಂದರೆ ಬರಲಿ. ಅದು ನಿಲ್ಲದೇ ಹೋದರೆ, ಅಥವಾ ವೈರು, ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾದರೆ ಅಲ್ಲಿಗೇ ಕೈಬಿಡಿ. ಲೋಹದ ಭಾಗಕ್ಕೆ ಟೆಸ್ಟರ್ ಹಿಡಿಯಿರಿ. ಅದು ಹೊತ್ತಿದರೆ ಕಾಯಿಲ್‌ನಿಂದ ಕರೆಂಟ್ ಸೋರುತ್ತಿರಬಹುದು, ಇಲ್ಲವೇ ಆ ಅಂಗಡಿಯಲ್ಲಿ ಅರ್ಥಿಂಗ್ ಸರಿ ಇಲ್ಲದಿರಬಹುದು. ಯಾವುದೇ ಆಗಲಿ, ಎಲೆಕ್ಟ್ರಿಷಿಯನ್ ನೋಡುವವರೆಗೆ ದುಡ್ಡು ಕೊಡಬೇಡಿ.

ಸ್ಟೀಮರ್ ನೋಡಲು ಹೋಗುವಾಗ "ಮೊದಲೇ ಆನ್ ಮಾಡಿಡಬೇಡಿ" ಎಂದು ಹೇಳಿಯೇ ಹೋಗಿ. ತಣ್ಣಗಿದ್ದಾಗ ನೀರಿನ ಡಬ್ಬಿ ಬಿಚ್ಚಿ ಒಳಗಿನ ಕಾಯಿಲ್ ನೋಡಬೇಕು. ಬೋರ್‌ವೆಲ್ ನೀರು ಹಾಕಿ ಬಳಸಿದ್ದರೆ ಅದರ ಮೇಲೆ ಬಿಳಿ ಸುಣ್ಣದ ಪದರ ಕೂತಿರುತ್ತದೆ. ತೆಳುವಾಗಿದ್ದರೆ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ತೆಗೆಯಬಹುದು. ದಪ್ಪಗೆ ಕಟ್ಟಿಕೊಂಡು ಕೆಳಗಿನ ಲೋಹ ಸೀಳಿದ್ದರೆ ಆ ಕಾಯಿಲ್‌ಗೆ ಆಯುಷ್ಯವಿಲ್ಲ. ಆಮೇಲೆ ಗುರುತಿನವರೆಗೆ ಮಾತ್ರ ನೀರು ತುಂಬಿ, ಆನ್ ಮಾಡಿ, ಆವಿ ಬರುವ ಬಾಯಿಯ ಮುಂದೆ ಒಂದಡಿ ದೂರದಲ್ಲಿ ಒಣ ಟಿಶ್ಯೂ ಹಿಡಿಯಿರಿ. ಅದು ಸಮವಾಗಿ ತೇವವಾಗಬೇಕು. ಚುಕ್ಕಿ ಚುಕ್ಕಿಯಾಗಿ ನೆನೆದರೆ ಯಂತ್ರ ಬಿಸಿನೀರು ಉಗುಳುತ್ತಿದೆ ಎಂದರ್ಥ. ಗಿರಾಕಿಯ ಮುಖದ ಮೇಲೆ ಅದೇ ಹನಿ ಬಿದ್ದರೆ ಬೊಬ್ಬೆ ಏಳುತ್ತದೆ.

ಎಲ್ಲ ಒಪ್ಪಿಗೆಯಾದರೆ ಹಳೇ ಬಿಲ್ ಕೇಳಿ. ಸಾಮಾನು ಸಾಲದಲ್ಲಿ ತಂದದ್ದಾಗಿದ್ದರೆ, ಅದು ತೀರಿದೆ ಎಂಬ ಪತ್ರವನ್ನೂ ನೋಡಿ. ಮುಂಗಡ ಸ್ವಲ್ಪವೇ ಇರಲಿ, ಉಳಿದದ್ದು ಗಾಡಿಗೆ ಏರಿಸಿದ ಮೇಲೆ. ಕುರ್ಚಿಯನ್ನು ನಿಲ್ಲಿಸಿಯೇ ಕಟ್ಟಲು ಗಾಡಿಯವರಿಗೆ ಹೇಳಿ. ಮಲಗಿಸಿ ತಂದರೆ ಊರಿಗೆ ಬಂದ ಮೇಲೆ ಗಾಳಿ ತೆಗೆಯುವ ಕೆಲಸ ಮತ್ತೆ ನಿಮ್ಮ ತಲೆಗೇ.