ಅಗ್ಗದ ವಿಮಾನ ಟಿಕೆಟ್: ಲಗೇಜು ಮತ್ತು ಸೀಟಿನ ದುಡ್ಡು ಉಳಿಸಿದ ನನ್ನ ಅನುಭವ

ಬೆಂಗಳೂರಿನಿಂದ ದೆಹಲಿಗೆ, ತಂಗಿಯ ಮನೆಗೆ ಹೊರಟಿದ್ದೆವು. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು ಅಮ್ಮ. ನಮ್ಮ ಮೂವರ ಟಿಕೆಟ್ ನಾನೇ ಮಾಡಿಸಿದ್ದೆ. ಅಮ್ಮನ ಟಿಕೆಟನ್ನು ತಮ್ಮ ಬೇರೆಯಾಗಿ ಮಾಡಿಸಿದ್ದ. ವಿಮಾನ ಒಂದೇ, ಆದರೆ ಪಿಎನ್‌ಆರ್ ಎಂಬ ಬುಕಿಂಗ್ ನಂಬರ್ ಎರಡು. ಲಗೇಜಿನ ಲೆಕ್ಕವೆಲ್ಲ ನಿಂತಿರುವುದು ಈ ಪಿಎನ್‌ಆರ್ ಮೇಲೆ.

ನಮ್ಮ ಟಿಕೆಟಿನಲ್ಲಿ ಒಬ್ಬೊಬ್ಬರಿಗೆ ಚೆಕ್-ಇನ್ ಬ್ಯಾಗಿಗೆ 15 ಕಿಲೋ, ಕೈಚೀಲಕ್ಕೆ 7 ಕಿಲೋ ಇತ್ತು. ಒಂದೇ ಪಿಎನ್‌ಆರ್‌ನಲ್ಲಿ ಇರುವವರ ಚೆಕ್-ಇನ್ ತೂಕವನ್ನು ಕೌಂಟರಿನಲ್ಲಿ ಒಟ್ಟಿಗೆ ಹಿಡಿಯುತ್ತಾರೆ. ಹಾಗಾಗಿ ನಮ್ಮ ಮೂವರಿಗೆ 45 ಕಿಲೋ. ಒಂದು ಬ್ಯಾಗ್ 19 ಕಿಲೋ, ಇನ್ನೊಂದು 11 ಕಿಲೋ ಇದ್ದರೂ ಒಟ್ಟು ಮೀರದಿದ್ದರೆ ತಕರಾರಿಲ್ಲ. ಆದರೆ ತಲೆಗೊಂದೇ ಬ್ಯಾಗ್ ಎಂಬ ನಿಯಮವೂ ಇರುತ್ತದೆ. ತೂಕ ಕಡಿಮೆಯಿದ್ದರೂ ನಾಲ್ಕನೆಯ ಡಬ್ಬವನ್ನು ಬೆಲ್ಟಿನ ಮೇಲಿಟ್ಟರೆ ಅದಕ್ಕೆ ಬೇರೆ ದುಡ್ಡು ಕೇಳಬಹುದು. ಅದಕ್ಕೇ ಎಲ್ಲವನ್ನೂ ಮೂರೇ ಬ್ಯಾಗಿಗೆ ತುಂಬಿದೆ.

ಹೊರಡುವ ಹಿಂದಿನ ಸಂಜೆ, ಕೈಯಲ್ಲಿ ಹಿಡಿದು ತೂಗುವ ಕೊಕ್ಕೆಯ ತಕ್ಕಡಿಗೆ ಒಂದೊಂದೇ ಬ್ಯಾಗ್ ಸಿಕ್ಕಿಸಿ ನೋಡಿದೆ. ನಮ್ಮವು 19, 17 ಮತ್ತು 13.5 ಕಿಲೋ, ಒಟ್ಟು 49.5. ಅಂದರೆ 4.5 ಕಿಲೋ ಹೆಚ್ಚು. ಅಮ್ಮನ ಬ್ಯಾಗ್ 9.5 ಕಿಲೋ ಮಾತ್ರ. ಅವರ ಪಾಲಿನ 5.5 ಕಿಲೋ ಹಾಗೇ ಉಳಿದಿತ್ತು. ಆದರೆ ಬೇರೆ ಪಿಎನ್‌ಆರ್ ಆದ ಕಾರಣ ಆ ಉಳಿಕೆಯನ್ನು ನಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಕೌಂಟರಿನಲ್ಲಿ ಹೆಚ್ಚುವರಿ ಕಿಲೋಗೆ ₹600ರ ಆಸುಪಾಸು ಹಿಡಿದರೂ ಎರಡೂವರೆ ಸಾವಿರ ದಾಟುತ್ತದೆ. ಅಕ್ಕಿ ಮತ್ತು ಬೆಲ್ಲದ ಪೊಟ್ಟಣಗಳು ಸೇರಿ 5 ಕಿಲೋ ಇದ್ದವು. ಅವನ್ನು ಅಮ್ಮನ ಬ್ಯಾಗಿಗೆ ಹಾಕಿದೆ. ನಮ್ಮದು 44.5ಕ್ಕೆ ಇಳಿಯಿತು, ಅಮ್ಮನದು 14.5 ಆಯಿತು. ಎರಡೂ ಕಡೆ ಅರ್ಧ ಕಿಲೋ ಉಳಿಸಿದ್ದು ಬೇಕೆಂದೇ. ಮನೆಯ ತಕ್ಕಡಿಗೂ ಕೌಂಟರಿನ ತಕ್ಕಡಿಗೂ ಅಷ್ಟು ವ್ಯತ್ಯಾಸ ಬರುವುದುಂಟು.

ತುಂಬುವಾಗಲೇ ಎರಡು ವಸ್ತು ನೋಡಿಕೊಳ್ಳಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಹೊತ್ತಿಕೊಳ್ಳಬಹುದು ಎಂದು ವಿಮಾನದಲ್ಲಿ ಅದನ್ನು ಒಯ್ಯಲು ಬಿಡುವುದಿಲ್ಲ. ನಮ್ಮ ಕಡೆಯವರ ಬ್ಯಾಗಿನಲ್ಲಿ ಅದು ಇದ್ದೇ ಇರುತ್ತದೆ, ಹಾಗಾಗಿ ಹೇಳಿದೆ. ಇಂಥದ್ದು ಸ್ಕ್ಯಾನಿಂಗಿನಲ್ಲಿ ಸಿಕ್ಕಿದರೆ ಬ್ಯಾಗ್ ಬಿಚ್ಚಿ ಮತ್ತೆ ಜೋಡಿಸುವ ಕೆಲಸ.

ಇನ್ನು ಸೀಟು. ವೆಬ್ ಚೆಕ್-ಇನ್ ಮಾಡಲು ಹೋದರೆ ಸೀಟಿನ ನಕ್ಷೆ ತೆರೆದುಕೊಳ್ಳುತ್ತದೆ. ಕಿಟಕಿಗೊಂದು ದರ, ಮುಂದಿನ ಸಾಲಿಗೆ ಇನ್ನೊಂದು, ಕಾಲು ಚಾಚಲು ಜಾಗವಿರುವ ಸಾಲಿಗೆ ಎಲ್ಲಕ್ಕಿಂತ ಹೆಚ್ಚು. ನೋಡಿದವರಿಗೆ ದುಡ್ಡು ಕೊಡದೆ ಸೀಟೇ ಇಲ್ಲ ಎನ್ನಿಸುತ್ತದೆ. ನಿಜವಾಗಿ, ಆ ಹೆಚ್ಚಿನ ದುಡ್ಡು ನಮಗೆ ಬೇಕಾದ ಸೀಟನ್ನು ಆರಿಸಿಕೊಳ್ಳುವುದಕ್ಕೆ. ಆರಿಸದೆ ಕೌಂಟರಿಗೆ ಹೋದರೆ ಅವರೇ ಒಂದು ಸೀಟು ಕೊಡುತ್ತಾರೆ, ಅದಕ್ಕೆ ಶುಲ್ಕವಿಲ್ಲ. ಅದು ನಡುವಿನ ಸೀಟೇ ಆಗಬಹುದು, ಮನೆಯವರು ಬೇರೆ ಬೇರೆ ಸಾಲಿಗೂ ಹೋಗಬಹುದು.

ಮಗಳು ಒಬ್ಬಳೇ ಕೂರಬೇಕಾದೀತು ಎಂಬ ಅಂಜಿಕೆ ನನಗಿರಲಿಲ್ಲ. 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿರುವ ತಂದೆ ತಾಯಿಯಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕೆಂದು ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ 2024ರಲ್ಲಿ ವಿಮಾನ ಕಂಪನಿಗಳಿಗೆ ಹೇಳಿದೆ. ಮಗುವಿನ ಟಿಕೆಟನ್ನು ಬೇರೆ ಮಾಡಿಸಬಾರದು ಎನ್ನುವುದು ಇದಕ್ಕೇ. ನಮ್ಮ ಮೂವರಿಗೆ ಸೀಟಿಗೆಂದು ಏನೂ ಕಟ್ಟಲಿಲ್ಲ. ಬೇಗ ಹೋಗಿ ಕೌಂಟರಿನಲ್ಲಿ, "ಮಗು ಇದೆ, ತಾಯಿ ಪಕ್ಕ ಕೊಡಿ ಮೇಡಂ" ಎಂದೆ. "ಆಯ್ತು ಸರ್" ಎಂದು ಅವರಿಬ್ಬರಿಗೂ ಒಟ್ಟಿಗೆ ಕೊಟ್ಟರು. ನನಗೆ ನಾಲ್ಕು ಸಾಲು ಹಿಂದೆ, ನಡುವಿನ ಸೀಟು.

ಅಮ್ಮನಿಗೆ ಮಾತ್ರ ಮೊದಲೇ ದುಡ್ಡು ಕೊಟ್ಟು ದಾರಿಯ ಪಕ್ಕದ ಸೀಟು ಹಿಡಿದಿದ್ದೆ. ಅವರಿಗೆ ಮೊಣಕಾಲು ನೋವು. ಮತ್ತೆ ಮತ್ತೆ ಎದ್ದು ಹೋಗಬೇಕಾದವರನ್ನು ಇಬ್ಬರ ನಡುವೆ ಕೂರಿಸಿ ನಾಲ್ಕು ನೂರು ಉಳಿಸುವುದು ಉಳಿತಾಯವಲ್ಲ ಎಂದೇ ನನ್ನ ಅಭಿಪ್ರಾಯ.

ವಾಪಸ್ ಬರುವಾಗ ಅಮ್ಮ ಅಲ್ಲೇ ಉಳಿದರು. ತಂಗಿ ಕಟ್ಟಿಕೊಟ್ಟ ರಜಾಯಿ, ಪಾತ್ರೆ ಸೇರಿ ನಮ್ಮ ಲಗೇಜು 51 ಕಿಲೋ. ಈ ಸಲ ವರ್ಗಾಯಿಸಲು ಜಾಗವಿಲ್ಲ. ಹಿಂದಿನ ರಾತ್ರಿಯೇ ಆ್ಯಪ್‌ನಲ್ಲಿ ಹೆಚ್ಚುವರಿ ತೂಕ ಕೊಂಡೆ. ಮೊದಲೇ ಕೊಂಡರೆ ದರ ಕೌಂಟರಿಗಿಂತ ಕಡಿಮೆ, ಆದರೆ ಸಿಗುವುದು 3, 5, 10 ಕಿಲೋ ಹೀಗೆ ಕಟ್ಟುಕಟ್ಟಾಗಿ. ನಮಗೆ ಬೇಕಿದ್ದದ್ದು 6. ಹತ್ತರ ಕಟ್ಟು ಕೊಂಡರೆ ನಾಲ್ಕು ಕಿಲೋ ದುಡ್ಡು ವ್ಯರ್ಥ. ಐದರದ್ದು ಕೊಂಡು, ಒಂದೂವರೆ ಕಿಲೋದಷ್ಟು ಬಟ್ಟೆಯನ್ನು ಮಗಳ ಕೈಚೀಲಕ್ಕೆ ಹಾಕಿದೆ. ಅದನ್ನೂ ತೂಗಿ, ಏಳರ ಒಳಗಿದೆ ಎಂದು ಖಾತ್ರಿ ಮಾಡಿಕೊಂಡೆ, ಯಾಕೆಂದರೆ ಕೆಲವೊಮ್ಮೆ ಬೋರ್ಡಿಂಗ್ ಗೇಟಿನಲ್ಲಿ ಕೈಚೀಲವನ್ನೂ ತೂಗುತ್ತಾರೆ.