ದೀಪಾವಳಿ ಗಿವ್‌ಅವೇ: ತಕರಾರಿಲ್ಲದೆ ಸೀರೆ ಕೊಟ್ಟ ನನ್ನ ಅನುಭವ

ಹುಬ್ಬಳ್ಳಿ, ಗದಗ ಮತ್ತು ಹಾವೇರಿಯ ಕೆಲವು ಬಟ್ಟೆ ಅಂಗಡಿಗಳ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟಗಳನ್ನು ನಾನು ನೋಡಿಕೊಳ್ಳುತ್ತೇನೆ. 2025ರ ದೀಪಾವಳಿಗೆ ಗದಗಿನ ಒಂದು ಸೀರೆ ಅಂಗಡಿಗೆ, ಕಾಮೆಂಟ್ ಹಾಕಿದವರಲ್ಲಿ ಒಬ್ಬರಿಗೆ ಉಚಿತವಾಗಿ ಸೀರೆ ಕೊಡಲೆಂದು ಬರೆದುಕೊಟ್ಟ ಗಿವ್‌ಅವೇ ನಿಯಮಗಳನ್ನು ಕಂಡು ಇದೇ ಕೆಲಸದಲ್ಲಿರುವ ಗೆಳೆಯರು, "ಇಷ್ಟೆಲ್ಲಾ ಯಾರ್ ಓದ್ತಾರ್ರೀ, ಲೈವ್ ಮಾಡಿ ಚೀಟಿ ಎತ್ತಿಬಿಡ್ರಿ" ಎಂದು ನಕ್ಕಿದ್ದರು. ಸುಮಾರು ಸಾವಿರದ ನಾಲ್ಕುನೂರು ಜನ ಭಾಗವಹಿಸಿದ ಆ ಸ್ಪರ್ಧೆ ಒಂದೂ ತಕರಾರಿಲ್ಲದೆ ಮುಗಿದ ಮೇಲೆ ಅವರಲ್ಲಿ ಇಬ್ಬರು ಅದೇ ನಿಯಮಗಳನ್ನು ಕೇಳಿ ಪಡೆದಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ಚೀಟಿ ಎತ್ತುವ ಪದ್ಧತಿಗೆ ಅಂಗಡಿಯವರು ಹಿಂದಿನ ವರ್ಷವೇ ಬೆಲೆ ತೆತ್ತಿದ್ದರು. ಸ್ಟೀಲ್ ಡಬರಿಯಲ್ಲಿ ಚೀಟಿ ಹಾಕಿ, ಲೈವ್‌ನಲ್ಲಿ ಮಗುವಿನ ಕೈಯಿಂದ ಎತ್ತಿಸಿದರೂ, ಆ ಚೀಟಿಯನ್ನು ಬೇರೆ ರೀತಿ ಮಡಚಲಾಗಿತ್ತು ಎಂದು ಕಾಮೆಂಟುಗಳು ಬಂದವು. ಸಾಲದ್ದಕ್ಕೆ "ದೀಪಾವಳಿಯವರೆಗೆ ಅವಕಾಶ" ಎಂದು ಮಾತ್ರ ಬರೆದಿದ್ದುದರಿಂದ, ಅಮಾವಾಸ್ಯೆಗೆ ಮುಗಿಯಿತೆಂದು ಅಂಗಡಿಯವರೂ ಪಾಡ್ಯದವರೆಗೆ ಇದೆಯೆಂದು ಗಿರಾಕಿಗಳೂ ವಾದಕ್ಕೆ ನಿಂತರು. ಕೊನೆಗೆ ಬಾಯಿ ಮುಚ್ಚಿಸಲು ಸುಮಾರು ನಾಲ್ಕು ಸಾವಿರದ ಇನ್ನೊಂದು ಸೀರೆಯನ್ನೂ, ಜಾಹೀರಾತಿಗೆ ಸುರಿದ ಮೂರು ಸಾವಿರ ರೂಪಾಯಿಯನ್ನೂ ಕಳೆದುಕೊಂಡರು.

ಹೀಗಾಗಿ ಮೊದಲು ಗಡುವನ್ನೇ ಹಿಡಿದೆ. ಹಬ್ಬದ ಹೆಸರನ್ನು ಬಿಟ್ಟು, "2025ರ ಅಕ್ಟೋಬರ್ 22, ಬುಧವಾರ, ರಾತ್ರಿ 9 ಗಂಟೆ, ಭಾರತೀಯ ಕಾಲಮಾನ, ಅನಂತರದ ಕಾಮೆಂಟನ್ನು ಯಾವ ಕಾರಣಕ್ಕೂ ಪರಿಗಣಿಸುವುದಿಲ್ಲ" ಎಂದು ಬರೆದೆ. ಅದು ಬಲಿಪಾಡ್ಯಮಿಯ ದಿನ. ರಾತ್ರಿ 12 ಗಂಟೆ ಎಂದು ಬರೆದರೆ ಯಾವ ದಿನದ 12 ಗಂಟೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೇಲಾಗಿ ಆ ಹೊತ್ತಿಗೆ ಎದ್ದು ಕುಳಿತು ಕಾಮೆಂಟುಗಳನ್ನು ಉಳಿಸಿಕೊಳ್ಳಬೇಕಾದವರು ನಾವೇ. ಕಾಮೆಂಟಿನ ಪಕ್ಕದಲ್ಲಿ ಗಡಿಯಾರದ ಸಮಯ ಕಾಣುವುದಿಲ್ಲ, ಎಷ್ಟು ಗಂಟೆ ಅಥವಾ ದಿನ ಕಳೆಯಿತು ಎಂಬುದಷ್ಟೇ ಕಾಣುತ್ತದೆ. ಆದ್ದರಿಂದ 9ಕ್ಕೆ ಸರಿಯಾಗಿ ಇಬ್ಬರು ಎರಡು ಫೋನುಗಳಲ್ಲಿ ಎಲ್ಲ ಕಾಮೆಂಟುಗಳನ್ನು ಸ್ಕ್ರೀನ್ ರೆಕಾರ್ಡ್ ಮಾಡಿದೆವು.

ಅರ್ಹತೆಯ ಭಾಗವನ್ನು ಚಿಕ್ಕದಾಗಿಯೇ ಇಟ್ಟೆ: "18 ವರ್ಷ ತುಂಬಿರಬೇಕು, ಬಹುಮಾನ ತಲುಪಿಸಲು ಕರ್ನಾಟಕದ ವಿಳಾಸ ಇರಬೇಕು, ಒಬ್ಬರಿಗೆ ಒಂದೇ ಪ್ರವೇಶ. ಅಂಗಡಿಯ ಮಾಲೀಕರು, ಕೆಲಸಗಾರರು, ಈ ಪುಟ ನಡೆಸುವವರು ಹಾಗೂ ಇವರೆಲ್ಲರ ಮನೆಯವರು ಭಾಗವಹಿಸುವಂತಿಲ್ಲ. ಏನನ್ನೂ ಖರೀದಿಸಬೇಕಾಗಿಲ್ಲ." ಕೊನೆಯ ಸಾಲಿಗೆ ಅಂಗಡಿಯ ಯಜಮಾನರು ಸುಲಭವಾಗಿ ಒಪ್ಪಲಿಲ್ಲ, 999 ರೂಪಾಯಿ ಬಿಲ್ಲಿಗೆ ಒಂದು ಕೂಪನ್ ಎನ್ನುವುದು ಅವರ ಆಸೆಯಾಗಿತ್ತು. ಹಣ ಕೊಟ್ಟವರಿಗೆ ಅದೃಷ್ಟದ ಮೇಲೆ ಬಹುಮಾನ ಎಂದಾದರೆ ಅದು ಲಾಟರಿಯ ರೂಪ ಪಡೆಯುತ್ತದೆ, ಮಾರಾಟ ಹೆಚ್ಚಿಸಲು ನಡೆಸುವ ಅದೃಷ್ಟದಾಟದ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಣ್ಣೂ ಇದೆ ಎಂದು ಪರಿಚಯದ ವಕೀಲರಿಂದ ಹೇಳಿಸಿದ ಮೇಲೆ ಸುಮ್ಮನಾದರು. ಸೀರೆಯ ಬೆಲೆಯನ್ನೂ ಆರೂವರೆ ಸಾವಿರದ ಆಸುಪಾಸಿನಲ್ಲಿ ನಿಲ್ಲಿಸಿದೆವು. ಇಂಥ ಬಹುಮಾನ 10,000 ರೂಪಾಯಿ ದಾಟಿದರೆ ಶೇ 30ರಷ್ಟು ತೆರಿಗೆಯನ್ನು ಮೊದಲೇ ಹಿಡಿಯುವ ಟಿಡಿಎಸ್ ಗೊಂದಲ ಎದುರಾಗುತ್ತದೆ.

"ಟೈಮ್‌ಲೈನಿನಲ್ಲಿ ಶೇರ್ ಮಾಡಿ", "ನೀವಿಲ್ಲದ ಫೋಟೋಗೆ ನಿಮ್ಮನ್ನೇ ಟ್ಯಾಗ್ ಮಾಡಿಕೊಳ್ಳಿ" ಎಂಬ ಷರತ್ತುಗಳನ್ನು ಕೈಬಿಟ್ಟೆ. ಮೊದಲನೆಯದಕ್ಕೆ ಫೇಸ್‌ಬುಕ್ಕಿನ ನಿಯಮ ಒಪ್ಪುವುದಿಲ್ಲ, ಎರಡನೆಯದಕ್ಕೆ ಇನ್‌ಸ್ಟಾಗ್ರಾಂ ಒಪ್ಪುವುದಿಲ್ಲ. ಈ ಸ್ಪರ್ಧೆಗೂ ಇನ್‌ಸ್ಟಾಗ್ರಾಂಗೂ ಸಂಬಂಧವಿಲ್ಲ, ಭಾಗವಹಿಸುವವರು ಆ ಸಂಸ್ಥೆಯನ್ನು ಎಲ್ಲ ಹೊಣೆಯಿಂದ ಮುಕ್ತಗೊಳಿಸುತ್ತಾರೆ ಎಂಬ ಸಾಲನ್ನು ಮಾತ್ರ ಬಿಡುವಂತಿಲ್ಲ, ಅದನ್ನು ಅವರೇ ಕೇಳುತ್ತಾರೆ.

ನಿಜವಾದ ಕೆಲಸ ಇದ್ದದ್ದು ವಿಜೇತರ ಆಯ್ಕೆಯಲ್ಲಿ. ಹೆಸರು ಆರಿಸುವ ಆ್ಯಪ್ ಬಳಸಿದರೆ, ಬೇಕಾದ ಹೆಸರು ಬರುವವರೆಗೆ ಎಷ್ಟು ಸಲ ಒತ್ತಿದಿರಿ ಎಂದು ಕೇಳುವವರಿಗೆ ತೋರಿಸಲು ನಮ್ಮ ಬಳಿ ಏನೂ ಇರುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಮೊದಲೇ ಪ್ರಕಟಿಸಿ ಬೀಗ ಹಾಕಬೇಕು, ವಿಜೇತರನ್ನು ತೋರಿಸುವ ಅಂಕಿ ಆಮೇಲೆ ಹುಟ್ಟಬೇಕು, ಅದು ನಮ್ಮ ಕೈಯಲ್ಲೂ ಇರಬಾರದು ಎಂದು ತೀರ್ಮಾನಿಸಿದೆ. ಬಿಎಸ್‌ಇ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್‌ನ ದಿನದ ಮುಕ್ತಾಯದ ಅಂಕಿಯನ್ನು ಆರಿಸಿಕೊಂಡೆ. ಅದನ್ನು ಯಾವ ಪತ್ರಿಕೆಯಲ್ಲಾದರೂ ಯಾರು ಬೇಕಾದರೂ ನೋಡಬಹುದು.

ಗುರುವಾರ ಬೆಳಿಗ್ಗೆ ಕರಡು ಪಟ್ಟಿ ಹಾಕಿ, ಸಂಜೆ 6ರವರೆಗೆ ಆಕ್ಷೇಪಣೆ ಕರೆದೆವು. ಒಂದೇ ವ್ಯಕ್ತಿಯ ಹಲವು ಖಾತೆಗಳನ್ನು ತೆಗೆದದ್ದು ಇದೇ ಹಂತದಲ್ಲಿ; ಅವನ್ನು ಗುರುತಿಸುವ ಬಗೆಯನ್ನು ಇಲ್ಲಿ ಬರೆದರೆ ಮುಂದಿನ ಹಬ್ಬಕ್ಕೆ ಅದು ಕೆಲಸಕ್ಕೆ ಬಾರದು, ಆದ್ದರಿಂದ ಕ್ಷಮಿಸಿ. ಉಳಿದ 1,412 ಖಾತೆಗಳನ್ನು ಇಂಗ್ಲಿಷ್ ಅಕಾರಾದಿಯಾಗಿ ಜೋಡಿಸಿ, ಕ್ರಮಸಂಖ್ಯೆ ಕೊಟ್ಟು, ಅದೇ ರಾತ್ರಿ ಅಂತಿಮ ಪಟ್ಟಿ ಪ್ರಕಟಿಸಿದೆವು. ಅಕಾರಾದಿ ಕ್ರಮವಾದ್ದರಿಂದ ಯಾರನ್ನು ಎಲ್ಲಿ ಕೂರಿಸಬೇಕೆಂಬುದು ನಮ್ಮ ಇಚ್ಛೆಗೆ ಉಳಿಯಲಿಲ್ಲ. ಷೇರುಪೇಟೆಯ ಲಕ್ಷ್ಮೀಪೂಜೆಯ ಮುಹೂರ್ತ ವಹಿವಾಟು, ಪಾಡ್ಯದ ರಜೆ ಎರಡೂ ಹಿಂದಾಗಲಿ ಎಂದೇ ಶುಕ್ರವಾರದ ಅಂಕಿಯನ್ನು ಗೊತ್ತುಮಾಡಿದ್ದೆ.

ನಿಯಮದ ಒಳಗೇ ಒಂದು ಲೆಕ್ಕವನ್ನು ಬಿಡಿಸಿ ತೋರಿಸಿದ್ದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು: "ಶುಕ್ರವಾರ ಬಿಎಸ್‌ಇ ಪ್ರಕಟಿಸುವ ಸೆನ್ಸೆಕ್ಸ್ ಮುಕ್ತಾಯದ ಅಂಕಿಯನ್ನು ದಶಮಾಂಶದ ನಂತರ ಎರಡು ಸ್ಥಾನಗಳವರೆಗೆ ತೆಗೆದುಕೊಂಡು, ಚುಕ್ಕೆ ತೆಗೆದು, ಪಟ್ಟಿಯ ಒಟ್ಟು ಸಂಖ್ಯೆಯಿಂದ ಭಾಗಿಸಿ, ಬರುವ ಶೇಷಕ್ಕೆ ಒಂದು ಕೂಡಿಸಲಾಗುವುದು. ಉದಾಹರಣೆಗೆ ಅಂಕಿ 81,234.56, ಪಟ್ಟಿಯಲ್ಲಿ 1,412 ಹೆಸರು ಎಂದಾದರೆ, 8123456ನ್ನು 1412ರಿಂದ ಭಾಗಿಸಿದಾಗ ಭಾಗಲಬ್ಧ 5753, ಶೇಷ 220. ವಿಜೇತರ ಕ್ರಮಸಂಖ್ಯೆ 221." ಒಟ್ಟು ಸಂಖ್ಯೆ ಗೊತ್ತಾದದ್ದು ಗುರುವಾರ ರಾತ್ರಿಯಾದ್ದರಿಂದ ಈ ಉದಾಹರಣೆಯ ಸಾಲನ್ನು ಅಂತಿಮ ಪಟ್ಟಿಯ ಜೊತೆಗೇ ಹಾಕಿದೆ. ಒಂದು ಕೂಡಿಸದಿದ್ದರೆ ಶೇಷ ಸೊನ್ನೆ ಬಂದ ದಿನ ವಿಜೇತರೇ ಇರುವುದಿಲ್ಲ. ಎರಡು ಸ್ಥಾನ ಎಂದು ಹೇಳದಿದ್ದರೆ, .80 ಎಂಬುದು ಒಂದು ಪತ್ರಿಕೆಯಲ್ಲಿ .8 ಎಂದು ಅಚ್ಚಾಗಿ ಉತ್ತರವೇ ಬದಲಾಗುತ್ತದೆ. ಶುಕ್ರವಾರ ಸಂಜೆ ನಾವು ಹೆಸರು ಹಾಕುವ ಮೊದಲೇ ಹಾವೇರಿಯ ಕಾಲೇಜು ಉಪನ್ಯಾಸಕರೊಬ್ಬರು ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಭಾಗಿಸಿ, ಸರಿಯಾದ ಕ್ರಮಸಂಖ್ಯೆಯನ್ನು ಕಾಮೆಂಟಿನಲ್ಲಿ ಬರೆದುಬಿಟ್ಟಿದ್ದರು. ನನಗೆ ಬೇಕಾಗಿದ್ದುದೂ ಅದೇ.

ವಿಜೇತರು 48 ಗಂಟೆಯೊಳಗೆ ಉತ್ತರಿಸದಿದ್ದರೆ ಅಥವಾ ವಯಸ್ಸು, ವಿಳಾಸ ನಿಯಮಕ್ಕೆ ಹೊಂದದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗುವುದು ರೂಢಿ. ಹಾಗೆ ಮಾಡಿದರೆ ಅನರ್ಹ ಖಾತೆಯ ಕೆಳಗೆ ಕುಳಿತವರಿಗೆ ಎರಡು ಅವಕಾಶ ಸಿಕ್ಕಂತಾಗುತ್ತದೆ. ಅದರ ಬದಲು, ಗಡುವು ಮುಗಿದ ನಂತರದ ಮೊದಲ ವಹಿವಾಟಿನ ದಿನದ ಅಂಕಿಯಿಂದ ಮತ್ತೆ ಲೆಕ್ಕ ಮಾಡುವುದಾಗಿ ಬರೆದಿದ್ದೆ. ನಮ್ಮ ವಿಜೇತೆ ಅರ್ಧ ದಿನದಲ್ಲೇ ಉತ್ತರಿಸಿದ್ದರಿಂದ ಅದರ ಅಗತ್ಯ ಬೀಳಲಿಲ್ಲ.

ನಡುವೆ ಫೇಸ್‌ಬುಕ್ ಪುಟದಲ್ಲಿ ಬೇರೆಯೊಂದು ಪ್ರಯೋಗವನ್ನೂ ಮಾಡಿದೆ: ಆಕಾಶಬುಟ್ಟಿಯ ಫೋಟೋಗೆ ಹೆಚ್ಚು ಲೈಕ್ ಪಡೆದವರಿಗೆ ಒಂದು ಡಬ್ಬಿ ಧಾರವಾಡ ಪೇಡೆ. ಎರಡನೆಯ ದಿನವೇ ಎಲ್ಲಿಯದೋ ಊರಿನ, ಫೋಟೋ ಇಲ್ಲದ ಖಾತೆಗಳಿಂದ ನೂರಾರು ಲೈಕ್ ಬಂದು ಬಿದ್ದವು. ಲೈಕ್ ಎಣಿಸುವ ಸ್ಪರ್ಧೆಯನ್ನು ಮತ್ತೆ ಹಚ್ಚುವುದಿಲ್ಲ.

ನಿಯಮಗಳ ಕೊನೆಯ ಸಾಲನ್ನು ಮಾತ್ರ ಚಿತ್ರದ ಮೇಲೂ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸಿದ್ದೆ: "ಕೊರಿಯರ್ ವೆಚ್ಚ ಅಂಗಡಿಯದು, ನಾವು ಹಣವನ್ನಾಗಲಿ ಓಟಿಪಿಯನ್ನಾಗಲಿ ಕೇಳುವುದಿಲ್ಲ, ಫಲಿತಾಂಶ ಈ ಖಾತೆಯಲ್ಲಿ ಮಾತ್ರ." ಫಲಿತಾಂಶದ ರಾತ್ರಿಯೇ ಅಂಗಡಿಯ ಹೆಸರಿಗೆ ಒಂದು ಚುಕ್ಕೆ ಸೇರಿಸಿದ ನಕಲಿ ಖಾತೆಯೊಂದು ಹಲವರಿಗೆ "ನೀವು ಗೆದ್ದಿದ್ದೀರಿ, ಕೊರಿಯರಿಗೆ 199 ಕಳಿಸಿ" ಎಂದು ಸಂದೇಶ ಹಾಕಿತು. ನಮಗೆ ತಿಳಿದಂತೆ ಯಾರೂ ದುಡ್ಡು ಕಳಿಸಲಿಲ್ಲ. ನಾಲ್ಕೈದು ಜನ ಸ್ಕ್ರೀನ್‌ಶಾಟ್ ಕಳಿಸಿದ್ದರಿಂದ ಆ ಖಾತೆಯನ್ನು ರಿಪೋರ್ಟ್ ಮಾಡಲು ಸಾಧ್ಯವಾಯಿತು.