ಅಕ್ಕನ ಶಸ್ತ್ರಚಿಕಿತ್ಸೆಗಾಗಿ ಟ್ರಸ್ಟಿಗೆ ಬರೆದ ಅರ್ಜಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ದಿನಗೂಲಿಗೆ ದುಡಿಯುವ ನಮ್ಮ ಭಾವನವರಿಗೆ ಸಂಬಳದ ಚೀಟಿ ಎಂಬುದಿಲ್ಲ. ಅಕ್ಕನ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆ, ಅದನ್ನು ಬದಲಿಸಲೇಬೇಕು ಎಂದು ಎಕೋ ನೋಡಿದ ವೈದ್ಯರು ಹೇಳಿದಾಗ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನಾದ್ದರಿಂದ ನನಗೆ ಇದು ಸುಲಭವೆಂದು ಮನೆಯವರು ಭಾವಿಸಿದ್ದರು. ನಾನೂ ಹಾಗೆಯೇ ಭಾವಿಸಿದ್ದೆ. ಮೊದಲ ಅರ್ಜಿ ಹತ್ತೇ ದಿನಗಳಲ್ಲಿ ಮರಳಿ ಬಂತು.

ಮರಳಿ ಬಂದ ಅರ್ಜಿಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಮೂರು ಪ್ರಶ್ನೆಗಳಿದ್ದವು. ಮೊದಲನೆಯದು ಅಂದಾಜು ವೆಚ್ಚದ ಪತ್ರದ ಬಗ್ಗೆ. ಖಾಸಗಿ ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ 'ಕವಾಟ ಬದಲಾವಣೆಗೆ ಸುಮಾರು ಎರಡೂವರೆಯಿಂದ ಮೂರು ಲಕ್ಷ' ಎಂಬ ಒಂದೇ ಸಾಲಿತ್ತು. ಅಂಥ ಚೀಟಿಯನ್ನು ನೋಡಿ ಯಾವ ಟ್ರಸ್ಟಿನವರೂ ಮೊತ್ತ ನಿರ್ಧರಿಸಲಾರರು. ನಾನು ಮತ್ತೆ ಹೋಗಿ, ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಅಕ್ಕನ ಹೆಸರು, ನೋಂದಣಿ ಸಂಖ್ಯೆ, ರೋಗದ ಹೆಸರು, ಮಾಡಬೇಕಾದ ಶಸ್ತ್ರಚಿಕಿತ್ಸೆ ಇವೆಲ್ಲವೂ ಇರುವ, ಶಸ್ತ್ರವೈದ್ಯರ ಸಹಿ ಮತ್ತು ಮೊಹರುಳ್ಳ ಬಿಡಿಬಿಡಿಯಾದ ಲೆಕ್ಕವನ್ನು ಕೇಳಿ ಪಡೆದೆ. ಶಸ್ತ್ರಚಿಕಿತ್ಸೆ ಮತ್ತು ಆಪರೇಷನ್ ಥಿಯೇಟರಿಗೆ 95,000, ಲೋಹದ ಕವಾಟಕ್ಕೆ 65,000, ಐಸಿಯು ಮತ್ತು ವಾರ್ಡಿಗೆ ಸೇರಿ ಹತ್ತು ದಿನಕ್ಕೆ 48,000, ಔಷಧ ಮತ್ತು ಇತರ ಸಾಮಗ್ರಿಗೆ 42,000, ರಕ್ತ ಹಾಗೂ ಪರೀಕ್ಷೆಗಳಿಗೆ 15,000. ಒಟ್ಟು 2,65,000 ರೂಪಾಯಿ. ಆಧಾರ್‌ನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಇದ್ದು ಆಸ್ಪತ್ರೆಯ ಪುಸ್ತಕದಲ್ಲಿ ಗಂಡನ ಹೆಸರು ಸೇರಿಕೊಂಡಿದ್ದನ್ನೂ ಆಗಲೇ ಸರಿಪಡಿಸಿಕೊಂಡೆ. ಚೆಕ್ ಬರುವುದು ರೋಗಿಯ ಹೆಸರಿಗಲ್ಲ, ಆಸ್ಪತ್ರೆಯ ಹೆಸರಿಗೆ. ಅದರ ಹಿಂಬದಿಯಲ್ಲಿ ಬರೆಯುವ ರೋಗಿಯ ಹೆಸರು ಆಸ್ಪತ್ರೆಯ ದಾಖಲೆಗೆ ಹೊಂದದಿದ್ದರೆ ಅಕೌಂಟ್ಸ್ ವಿಭಾಗದವರು ಅದನ್ನು ಜಮಾ ಮಾಡಿಕೊಳ್ಳುವುದಿಲ್ಲ.

ಎರಡನೆಯ ಪ್ರಶ್ನೆ ಸರ್ಕಾರದ ಯೋಜನೆಯದು. ಅಕ್ಕನ ಮನೆಯದು ಎಪಿಎಲ್ ಕಾರ್ಡು, ಏಕೆಂದರೆ ಸಂಬಳದ ನೌಕರಿಯಲ್ಲಿರುವ ಭಾವನ ಅಣ್ಣನ ಹೆಸರೂ ಅದೇ ಕಾರ್ಡಿನಲ್ಲಿತ್ತು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಕುಟುಂಬಕ್ಕೆ ಶೇ. 30ರಷ್ಟು ನೆರವು ಮಾತ್ರ. ನಾನು ಎಡವಿದ್ದು ಇಲ್ಲಿಯೇ. 2,65,000ದ ಶೇ. 30 ಎಂದು 79,500 ರೂಪಾಯಿಯನ್ನು ಕಳೆದು ಬರೆದುಬಿಟ್ಟಿದ್ದೆ. ಆದರೆ ಆ ಶೇಕಡಾವಾರು ಲೆಕ್ಕ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಮೇಲೆ, ಆಸ್ಪತ್ರೆಯ ಬಿಲ್ಲಿನ ಮೇಲಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಪತ್ರ ತಂದು ಕೊಟ್ಟ ಮೇಲೆ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರು ನೋಡಿ ಹೇಳಿದ ಮೊತ್ತ 45,000 ರೂಪಾಯಿ. ಲೆಕ್ಕದವನಾದ ನಾನೇ 34,500 ರೂಪಾಯಿಯಷ್ಟು ಕೊರತೆಯನ್ನು ಕಡಿಮೆ ತೋರಿಸಿದ್ದೆ. ಆ ಅರ್ಜಿ ಹಾಗೆಯೇ ಮಂಜೂರಾಗಿದ್ದರೆ ದಾಖಲಾಗುವ ದಿನ ಕೌಂಟರಿನ ಮುಂದೆ ಕೈ ಬರಿದಾಗಿ ನಿಲ್ಲಬೇಕಾಗುತ್ತಿತ್ತು.

ಮೂರನೆಯದೇ ಎಲ್ಲಕ್ಕಿಂತ ಮುಜುಗರದ್ದು. ಮೂರು ವರ್ಷಗಳ ಹಿಂದೆ ಅಕ್ಕನ ಮಗಳ ವಿದ್ಯಾರ್ಥಿವೇತನಕ್ಕೆಂದು ತೆಗೆಸಿದ್ದ ಆದಾಯ ಪ್ರಮಾಣಪತ್ರದಲ್ಲಿ ವಾರ್ಷಿಕ 40,000 ರೂಪಾಯಿ ಎಂದಿತ್ತು. ಪ್ರಮಾಣಪತ್ರಕ್ಕೆ ಐದು ವರ್ಷಗಳ ಅವಧಿ ಇರುವುದರಿಂದ ಅದೇ ನಡೆಯುತ್ತದೆ ಎಂದು ನಾನು ಲಗತ್ತಿಸಿದ್ದೆ. ಟ್ರಸ್ಟಿನಿಂದ ಮನೆ ನೋಡಲು ಬಂದ ಹಿರಿಯರೊಬ್ಬರು ಕುಳಿತು ನೀರು ಕುಡಿದು, ಬಾಡಿಗೆ ಎಷ್ಟೆಂದು ಕೇಳಿದರು. ಅಕ್ಕ ತಿಂಗಳಿಗೆ 3,500 ಎಂದಳು. "ಬಾಡಿಗೇನೇ ವರ್ಷಕ್ಕೆ ನಲವತ್ತೆರಡು ಸಾವಿರ ಆತಲ್ಲಮ್ಮ, ಮತ್ತೆ ಊಟಕ್ಕೇನ್ ಮಾಡ್ತೀರಿ?" ಎಂದು ಅವರು ಕೇಳಿದ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಆದರೆ ಉತ್ತರ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಆದಾಯ ಕಡಿಮೆ ಇದ್ದಷ್ಟೂ ನೆರವು ಖಚಿತ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಓದುವವರಿಗೆ ಮಾತ್ರ, ಖರ್ಚಿಗಿಂತ ಕಡಿಮೆ ಇರುವ ಆದಾಯ ಬಡತನವಾಗಿ ಕಾಣುವುದಿಲ್ಲ, ಮುಚ್ಚಿಟ್ಟ ಹಣವಾಗಿ ಕಾಣುತ್ತದೆ.

ಆದ್ದರಿಂದ ನಾಡಕಚೇರಿಯಲ್ಲಿ ಹೊಸದಾಗಿ ಅರ್ಜಿ ಹಾಕಿದೆವು. ಭಟ್ಟಿಯ ಮಾಲೀಕರಿಂದ ಒಂದು ಪತ್ರ ಬರೆಸಿಕೊಂಡೆ: ದಿನಕ್ಕೆ 450 ರೂಪಾಯಿ ಕೂಲಿ, ತಿಂಗಳಿಗೆ ಸರಾಸರಿ 24 ದಿನ ಕೆಲಸ, ಮಳೆಗಾಲದಲ್ಲಿ ಅದಕ್ಕಿಂತ ಕಡಿಮೆ. ಅಂದರೆ ತಿಂಗಳಿಗೆ 10,800, ವರ್ಷಕ್ಕೆ 1,29,600. ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿಯ ಮೇಲೆ ತಹಶೀಲ್ದಾರರ ಪ್ರಮಾಣಪತ್ರ 1,30,000 ಎಂದು ಬಂತು. ಆ ಟ್ರಸ್ಟಿನ ಆದಾಯ ಮಿತಿ 2 ಲಕ್ಷವಿದ್ದುದರಿಂದ ನಿಜ ಹೇಳಿದ್ದರಿಂದ ನಮಗೆ ಏನೂ ನಷ್ಟವಾಗಲಿಲ್ಲ. ಮಿತಿ ಎಷ್ಟೆಂದು ಮೊದಲೇ ಕೇಳಿದ್ದರೆ ಹಳೆಯ ಪತ್ರವನ್ನು ಲಗತ್ತಿಸುವ ಆಸೆಯೇ ಬರುತ್ತಿರಲಿಲ್ಲ. ಹೊಸ ಪ್ರಮಾಣಪತ್ರ, ಮಾಲೀಕರ ಪತ್ರ, ಬಾಡಿಗೆ ಕರಾರು ಮತ್ತು ಆರು ತಿಂಗಳ ಪಾಸ್‌ಬುಕ್ ಪ್ರತಿ ನಾಲ್ಕೂ ಒಂದೇ ಮಾತನ್ನು ಹೇಳುವಂತೆ ಜೋಡಿಸಿದೆ. ಪಾಸ್‌ಬುಕ್ಕಿನಲ್ಲಿ ಒಮ್ಮೆಗೇ 50,000 ಜಮೆಯಾದ ಸಾಲೊಂದಿತ್ತು. ಅದು ಒಡವೆ ಅಡವಿಟ್ಟ ಹಣವೆಂದು ಪಕ್ಕದಲ್ಲೇ ಬರೆದು, ಅಡವಿನ ರಸೀದಿಯ ನಕಲನ್ನು ಲಗತ್ತಿಸಿದೆ.

ಎರಡನೆಯ ಅರ್ಜಿಯಲ್ಲಿ ಕಷ್ಟದ ವರ್ಣನೆ ಮೂರು ಸಾಲಿಗೆ ಇಳಿಯಿತು. ಮುಖ್ಯ ಭಾಗ ಹೀಗಿತ್ತು: "ಒಟ್ಟು ಅಂದಾಜು ವೆಚ್ಚ ರೂ. 2,65,000. ಸರ್ಕಾರದ ಯೋಜನೆಯಿಂದ ರೂ. 45,000, ಒಡವೆ ಅಡವಿನಿಂದ ರೂ. 50,000, ಸ್ತ್ರೀಶಕ್ತಿ ಸಂಘದ ಸಾಲದಿಂದ ರೂ. 30,000, ಬಂಧುಗಳಿಂದ ರೂ. 25,000 ಹೊಂದಿಸಲಾಗಿದೆ. ಉಳಿದ ಕೊರತೆ ರೂ. 1,15,000. ಇದರಲ್ಲಿ ರೂ. 70,000ವನ್ನು ತಮ್ಮ ಟ್ರಸ್ಟಿನಿಂದ ಆಸ್ಪತ್ರೆಯ ಹೆಸರಿಗೆ ನೇರವಾಗಿ ಪಾವತಿಸಬೇಕೆಂದು ಕೋರುತ್ತಾ, ಉಳಿದದ್ದಕ್ಕೆ ಮತ್ತೊಂದು ಸಂಸ್ಥೆಯನ್ನು ಕೋರಿರುವುದಾಗಿ ತಮ್ಮ ಗಮನಕ್ಕೆ ತರುತ್ತೇನೆ." ಇನ್ನೊಂದು ಕಡೆ ಕೇಳಿದ್ದನ್ನು ಮುಚ್ಚಿಡಬೇಕೆಂದು ಮನೆಯಲ್ಲಿ ವಾದವಾಯಿತು. ಇಬ್ಬರೂ ಚೆಕ್ ಕಳುಹಿಸುವುದು ಒಂದೇ ಆಸ್ಪತ್ರೆಯ ಒಂದೇ ನೋಂದಣಿ ಸಂಖ್ಯೆಗೆ. ಮುಚ್ಚಿಡಲು ಅಲ್ಲಿ ಜಾಗವೇ ಇಲ್ಲ ಎಂದು ಹೇಳಿ ನಾನು ಆ ವಾದವನ್ನು ಒಪ್ಪಲಿಲ್ಲ.

ಮೊದಲ ಟ್ರಸ್ಟ್ 60,000 ಮಂಜೂರು ಮಾಡಿತು. ಆ ಮಂಜೂರಾತಿ ಪತ್ರದ ನಕಲನ್ನೂ ತಿದ್ದಿದ ಲೆಕ್ಕವನ್ನೂ ಎರಡನೆಯವರಿಗೆ ಅಂದೇ ಕೊಟ್ಟೆ. ಅವರಿಂದ 40,000 ಬಂತು. ಉಳಿದ 15,000ಕ್ಕೆ ನಾನು ನಮ್ಮ ಸಂಘದಲ್ಲೇ ಸಾಲ ತೆಗೆದೆ. ಇಷ್ಟಾಗಲು ಆರು ವಾರ ಬೇಕಾಯಿತು. ಈ ನಡುವೆ ಅಕ್ಕನಿಗೆ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು, ಎರಡು ದಿಂಬು ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಮೊದಲು ಆಪರೇಷನ್ ಮಾಡಿಸಿ ಆಮೇಲೆ ಬಿಲ್ಲು ಕೊಡೋಣ ಎಂದು ಭಾವ ಒಂದೆರಡು ಸಲ ಹೇಳಿದ್ದುಂಟು. ಆದರೆ ಎರಡೂ ಟ್ರಸ್ಟಿನ ನಿಯಮದಲ್ಲಿ ಶಸ್ತ್ರಚಿಕಿತ್ಸೆ ಮುಗಿದ ನಂತರ ಬಂದ ಅರ್ಜಿಯನ್ನು ಪರಿಗಣಿಸುವುದಿಲ್ಲವೆಂದು ಸ್ಪಷ್ಟವಾಗಿತ್ತು. ಕಾಯಬಹುದೇ ಎಂಬುದನ್ನು ನಾವು ತೀರ್ಮಾನಿಸದೆ ವೈದ್ಯರನ್ನೇ ಕೇಳಿದೆವು. ಅವರು ಮಾತ್ರೆಯ ಪ್ರಮಾಣ ಬದಲಿಸಿ, ವಾರಕ್ಕೊಮ್ಮೆ ತೋರಿಸಬೇಕೆಂದು ಹೇಳಿ ದಿನಾಂಕ ಕೊಟ್ಟರು.

ಬಿಡುಗಡೆಯಾದ ಮೇಲೆ ಡಿಸ್ಚಾರ್ಜ್ ಸಾರಾಂಶ, ಅಂತಿಮ ಬಿಲ್ಲು ಮತ್ತು ಕವಾಟದ ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆಯ ಸ್ಟಿಕ್ಕರಿನ ನಕಲನ್ನು ಎರಡೂ ಟ್ರಸ್ಟಿಗೆ ಸಲ್ಲಿಸಿದೆ. ಅಂದಾಜಿನಲ್ಲಿ ಎಲ್ಲೂ ಇಲ್ಲದ ಒಂದು ಖರ್ಚು ಆಗ ಎದುರಾಯಿತು. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಮಾತ್ರೆ ನುಂಗಬೇಕು, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ನೋಡುವ ಪಿಟಿ-ಐಎನ್‌ಆರ್ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಅದನ್ನು ಯಾವ ಟ್ರಸ್ಟೂ ಭರಿಸುವುದಿಲ್ಲ. ಈಗ ಭಾವ ಪ್ರತಿ ತಿಂಗಳ ಮೊದಲ ವಾರದ ಕೂಲಿಯಲ್ಲಿ ಒಂದು ದಿನದ್ದನ್ನು ಅದಕ್ಕೆಂದೇ ಬೇರೆ ಡಬ್ಬಿಯಲ್ಲಿ ಹಾಕಿಡುತ್ತಾರೆ.